ಸ್ಕಾಲರ್‌ಶಿಪ್ ತಿರಸ್ಕಾರಕ್ಕೆ ಮೇಲ್ಮನವಿ: ಸೋಲುವ ಸರಿಯಾದ ಕ್ರಮ

ಮೊದಲು ನೋಟೀಸಿನ ಫೋಟೋ ತೆಗೆಯಿರಿ. ಕಾಲೇಜಿನ ನೋಟೀಸ್ ಬೋರ್ಡಿನ ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತದಲ್ಲ, ಅದು ಕಾರಣ ಬರೆದ ಸಾಲಿನ ಮೇಲೆಯೇ ಬೀಳುವಂತೆ ನಿಲ್ಲಿ. ಅರ್ಜಿ ಸಂಖ್ಯೆ, ತಾರೀಕು, ಸರಿಪಡಿಸಲು ಕೊಟ್ಟ ಗಡುವು ಮೂರೂ ಕಾಗದದ ಬುಡದಲ್ಲಿರುತ್ತವೆ. ಬುಡ ಫೋಟೋಕ್ಕೆ ಬರುವುದು ಬೇಡ. ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಮಾವಂದಿರ ಅಭಿಪ್ರಾಯ ಕೇಳಿ. ಗಡುವಿನ ಅರ್ಧ ಅಲ್ಲೇ ಮುಗಿಯುತ್ತದೆ.

ಒಂದು ಪದವನ್ನು ಮಾತ್ರ ತಪ್ಪಿಯೂ ಗಮನಿಸಬೇಡಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ‘ಡಿಫೆಕ್ಟಿವ್’ ಎಂದಿದ್ದರೆ ಅರ್ಜಿ ನಿಮ್ಮ ಕೈಗೇ ಮರಳಿದೆ, ತಿದ್ದಿ ಗಡುವಿನೊಳಗೆ ಮತ್ತೆ ಕಳಿಸಬಹುದು ಎಂದರ್ಥ. ‘ರಿಜೆಕ್ಟೆಡ್’ ಆದರೆ ತಿದ್ದುವ ಬಾಗಿಲು ಮುಚ್ಚಿತು. ಎರಡೂ ಒಂದೇ ಎಂದುಕೊಳ್ಳಿ. ತಿದ್ದಬಹುದಾದದ್ದಕ್ಕೆ ಮೇಲ್ಮನವಿ ಬರೆಯುತ್ತಾ ಕುಳಿತರೆ ಅದು ತಾನಾಗಿಯೇ ತಿರಸ್ಕಾರವಾಗುತ್ತದೆ. ಆಮೇಲೆ ನಿಮ್ಮ ದೂರಿಗೆ ನಿಜವಾದ ಆಧಾರವೂ ಸಿಗುತ್ತದೆ.

ಅಭ್ಯಾಸಕ್ಕೆ ಒಂದು ಪ್ರಕರಣ ಇಟ್ಟುಕೊಳ್ಳಿ. ಕುಂಜತ್ತೂರಿನ ಒಬ್ಬಳು ಹುಡುಗಿ, ದಿನಾ ತಲಪಾಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುವವಳು, ಬಿ.ಎಸ್ಸಿ. ಮೊದಲ ವರ್ಷ. ಪ್ಲಸ್ ಟು ಅಂಕದ ಬಲದಲ್ಲಿ ಕೇಂದ್ರ ವಲಯದ ಸ್ಕಾಲರ್‌ಶಿಪ್ಪಿಗೆ ಹಾಕಿದ್ದಾಳೆ. ಇದಕ್ಕೆ ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರಬಾರದು. ತಾಯಿ ಬೀಡಿ ಕಟ್ಟುತ್ತಾರೆ. ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರದಲ್ಲಿ 84,000 ಎಂದಿದೆ. ಅರ್ಜಿ ತುಂಬಿಕೊಟ್ಟ ಅಣ್ಣ ಒಂದು ಸೊನ್ನೆ ಹೆಚ್ಚು ಒತ್ತಿ 8,40,000 ಮಾಡಿದ್ದಾನೆ. ತಿರಸ್ಕಾರದ ಕಾರಣ ಎರಡು: ಆದಾಯ ಮಿತಿ ಮೀರಿದೆ, ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಹೊಂದಿಕೆಯಿಲ್ಲ.

ಮೊದಲನೆಯ ಕಾರಣಕ್ಕೆ ಉತ್ತರವಾಗಿ ಬಡತನ ಬರೆಯಿರಿ. ಸೋರುವ ಮಾಡು, ತಾಯಿಯ ಬೆನ್ನುನೋವು, ಸೊಸೈಟಿಯ ಸಾಲ ಯಾವುದನ್ನೂ ಬಿಡಬೇಡಿ, ಎರಡು ಪುಟ ತುಂಬಲಿ. ‘ಪ್ರಮಾಣಪತ್ರದಲ್ಲಿ 84,000 ಇದೆ, ಅರ್ಜಿಯಲ್ಲಿ 8,40,000 ಎಂದು ತಪ್ಪಾಗಿ ನಮೂದಾಗಿದೆ, ಎರಡರ ಪ್ರತಿಯನ್ನೂ ಲಗತ್ತಿಸಿದ್ದೇನೆ’ ಎಂಬ ಒಂದೇ ವಾಕ್ಯ ಬರೆದುಬಿಟ್ಟರೆ ಗುಮಾಸ್ತರು ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಿಬಿಡುವ ಅಪಾಯವಿದೆ. ಅಣ್ಣನ ಮರ್ಯಾದೆಯೂ ಹೋಗುತ್ತದೆ. ಆದ್ದರಿಂದ ತಪ್ಪು ಇಲಾಖೆಯದೇ ಎನ್ನಿ. ಪ್ರಮಾಣಪತ್ರದ ಪ್ರತಿ ಇಡಬೇಡಿ, ಅದು ಅವರ ಹತ್ತಿರ ಇದ್ದೇ ಇರುತ್ತದೆ ಎಂದು ನಂಬಿ.

ಎರಡನೆಯದಕ್ಕೆ ಸಿಟ್ಟಾಗಿ. ಅಂಕಪಟ್ಟಿಯಲ್ಲಿ ‘ರಮ್ಯಾ ಕೆ.’, ಆಧಾರಿನಲ್ಲಿ ‘ರಮ್ಯಾ ಕೃಷ್ಣಪ್ಪ’. ‘ಕೆ’ ಎಂದರೆ ಅಪ್ಪನ ಹೆಸರು ಎಂದು ಇಡೀ ಊರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಅದು ಕಂಪ್ಯೂಟರಿನ ತಪ್ಪು ಎಂದೇ ಬರೆಯಿರಿ. ಎರಡೂ ಹೆಸರು ಒಬ್ಬಳದೇ ಎಂದು ವಿಲೇಜ್ ಆಫೀಸಿನಿಂದ ದೃಢಪತ್ರ ತರುವ ಯೋಚನೆ ಬಂದರೆ ಬದಿಗಿಡಿ. ಅದಕ್ಕೆ ಕನ್ನಡದಲ್ಲೇ ಅರ್ಜಿ ಕೊಡಬಹುದು, ಕಾಸರಗೋಡಿನ ಕನ್ನಡಿಗರಿಗೆ ಆ ಹಕ್ಕು ಕಾನೂನಿನಲ್ಲೇ ಇದೆ. ಆದರೆ ‘ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿದರೆ ಬರುವ ಗತ್ತು ಕನ್ನಡದಲ್ಲಿ ಎಲ್ಲಿ ಬರುತ್ತದೆ?

ಉತ್ತರಗಳನ್ನು ಒಂದು, ಎರಡು ಎಂದು ನೋಟೀಸಿನ ಕ್ರಮದಲ್ಲಿ ಬಿಡಿಸಬೇಡಿ. ಸಾಲದ ನಡುವೆ ಹೆಸರು, ಹೆಸರಿನ ನಡುವೆ ಬೆನ್ನುನೋವು ಹೀಗೆ ಕಲಸಿಬಿಡಿ. ಕೇಳದ ಪ್ರಶ್ನೆಗೂ ಉತ್ತರ ಕೊಡಿ. ಪಕ್ಕದ ಮನೆಯ ಕಾರಿನವರಿಗೆ ಸ್ಕಾಲರ್‌ಶಿಪ್ ಸಿಕ್ಕಿದ ಸಂಗತಿಗೆ ಪ್ರತ್ಯೇಕ ಪ್ಯಾರಾ ಇರಲಿ. ಕೊನೆಗೆ ಏನು ಬೇಕೆಂದು ಮಾತ್ರ ಹೇಳಬೇಡಿ. ‘ಅರ್ಜಿಯನ್ನು ತಿದ್ದುಪಡಿಗೆ ಮರಳಿಸಿ’ ಎನ್ನುವ ಬದಲು ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎನ್ನಿ. ಸೂಕ್ತ ಯಾವುದೆಂದು ಅವರೇ ಹುಡುಕಿಕೊಳ್ಳಲಿ.

ಪತ್ರ ಯಾರಿಗೆ? ಪರಿಶೀಲಿಸಿ ತಿರಸ್ಕರಿಸಿದ್ದು ಕಾಲೇಜಿನ ನೋಡಲ್ ಅಧಿಕಾರಿ, ಅವರ ಕೋಣೆ ನಿಮ್ಮ ತರಗತಿಯ ಕೆಳಗಿನ ಮಹಡಿಯಲ್ಲೇ ಇದೆ. ನೀವು ದೆಹಲಿಗೆ ಬರೆಯಿರಿ. ಕಾಲೇಜಿನಲ್ಲೇ ಕೊಡಬೇಕೆಂದು ಯಾರಾದರೂ ಹಟ ಹಿಡಿದರೆ ಊಟದ ಹೊತ್ತಿನಲ್ಲಿ ಹೋಗಿ, ಖಾಲಿ ಮೇಜಿನ ಮೇಲೆ ಇಟ್ಟು ಬನ್ನಿ. ಎರಡನೇ ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳುವುದು ದೊಡ್ಡವರನ್ನು ನಂಬದವರ ಲಕ್ಷಣ.

ಉತ್ತರ ಬಾರದಿದ್ದರೆ ‘ಬರುವ ವರ್ಷ ನೋಡೋಣ’ ಎಂದು ಮನೆಯವರನ್ನು ಸಮಾಧಾನಪಡಿಸಿ. ಈ ಸ್ಕಾಲರ್‌ಶಿಪ್ಪಿಗೆ ಹೊಸ ಅರ್ಜಿ ಹಾಕಲು ಮೊದಲ ವರ್ಷದವರಿಗೆ ಮಾತ್ರ ಅವಕಾಶ. ಅದನ್ನು ಈಗಲೇ ಹೇಳಲು ಹೋಗಬೇಡಿ.