ಸ್ಲ್ಯಾಬ್ ರಾಯರು

ನಮ್ಮ ಬೀದಿಯಲ್ಲಿ ಕರೆಂಟ್ ಬಿಲ್ಲನ್ನು ಎಲ್ಲರೂ ಕೆಳಗಿನಿಂದ ಓದುತ್ತಾರೆ. ಕೊನೆಯ ಸಾಲಿನಲ್ಲಿ ಎಷ್ಟು ಕಟ್ಟಬೇಕು ಅಂತ ನೋಡಿ, ‘ಅಯ್ಯೋ’ ಅಂದು, ಫ್ರಿಜ್ಜಿನ ಮೇಲೆ ಇಡುತ್ತಾರೆ. ಮೇಲಿನಿಂದ ಓದುವವರು ಒಬ್ಬರೇ, ರಿಟೈರಾದ ಅಕೌಂಟ್ಸ್ ಸೂಪರಿಂಟೆಂಡೆಂಟರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಬೀದಿ ಇಟ್ಟ ಹೆಸರು ಸ್ಲ್ಯಾಬ್ ರಾಯರು.

ಮೀಟರ್ ರೀಡರ್ ಹುಡುಗ ತಿಂಗಳ ಮೊದಲ ವಾರದಲ್ಲಿ ಬರುತ್ತಾನೆ. ರಾಯರು ಅಷ್ಟು ಹೊತ್ತಿಗೆ ಟಾರ್ಚು, ಓದುವ ಕನ್ನಡಕ, ಒಂದು ಉದ್ದನೆಯ ನೋಟ್‌ಬುಕ್ಕು ಹಿಡಿದು ಮೀಟರ್ ಬೋರ್ಡಿನ ಕೆಳಗೆ ನಿಂತಿರುತ್ತಾರೆ. ಡಿಜಿಟಲ್ ಮೀಟರು ಒಂದೇ ಅಂಕಿ ತೋರಿಸಿಕೊಂಡು ಕೂರುವುದಿಲ್ಲ. ಒಮ್ಮೆ ತಾರೀಖು, ಒಮ್ಮೆ ವೋಲ್ಟೇಜು, ಒಮ್ಮೆ ಗರಿಷ್ಠ ಬೇಡಿಕೆ, ಹೀಗೆ ಸರದಿಯ ಮೇಲೆ ತೋರಿಸುತ್ತದೆ. ಪಕ್ಕದಲ್ಲಿ kWh ಎಂದು ಬಂದಾಗ ಕಾಣುವುದೇ ಯೂನಿಟ್ಟು. ಹುಡುಗ ಅವಸರದಲ್ಲಿ ಬೇರೆ ಅಂಕಿ ಒತ್ತಿಬಿಟ್ಟಾನು ಎಂಬುದು ರಾಯರ ಚಿಂತೆ. “ತಡಿಯಪ್ಪಾ, ಇನ್ನೊಂದು ಸುತ್ತು ಬರಲಿ” ಅನ್ನುತ್ತಾರೆ. ಹುಡುಗನಿಗೆ ಆ ದಿನ ಇನ್ನೂ ಎಷ್ಟೋ ಮನೆ ಬಾಕಿ. ಅವನು ನಮ್ಮ ಬೀದಿಯನ್ನು ಊಟದ ಹೊತ್ತಿಗೆ ಇಟ್ಟುಕೊಂಡದ್ದು ರಾಯರು ಮಲಗಿರಲಿ ಅಂತ. ರಾಯರು ಮಲಗುವ ಹೊತ್ತು ಬದಲಾಯಿಸಿಕೊಂಡರು.

ರಾಯರ ಲೆಕ್ಕ ತಪಾಸಣೆಯ ಮೊದಲ ಹೆಜ್ಜೆ ತೀರಾ ಸರಳ. ಈ ತಿಂಗಳ ಬಿಲ್ಲಿನ ‘ಹಿಂದಿನ ರೀಡಿಂಗು’ ಹೋದ ತಿಂಗಳ ಬಿಲ್ಲಿನ ‘ಇಂದಿನ ರೀಡಿಂಗು’ ಆಗಿರಬೇಕು. ಇದಕ್ಕೆ ಹಳೆಯ ಬಿಲ್ಲು ಬೇಕು. ಹಳೆಯ ಬಿಲ್ಲು ಎಲ್ಲಿರುತ್ತದೆ? ಆ ಥರ್ಮಲ್ ಕಾಗದ ಕೆಲವು ತಿಂಗಳಲ್ಲೇ ಮಾಸಿ ಬೋಳಾಗುತ್ತದೆ. ಅದಕ್ಕೇ ರಾಯರು ಬಂದ ದಿನವೇ ಜೆರಾಕ್ಸ್ ಮಾಡಿಸಿ, ಪಂಚ್ ಮಾಡಿ ಫೈಲಿಗೆ ಹಾಕುತ್ತಾರೆ. ಮೊಮ್ಮಕ್ಕಳ ಫೋಟೋ ಆಲ್ಬಂ ಆ ಫೈಲಿಗಿಂತ ತೆಳ್ಳಗಿದೆ ಅಂತ ಅವರ ಮನೆಯವರು ಹೇಳುತ್ತಾರೆ.

ರಾಯರ ಕೀರ್ತಿ ಬೀದಿ ದಾಟಿದ್ದು 2022ರ ಡಿಸೆಂಬರಿನಲ್ಲಿ, ಎದುರುಮನೆ ಟೀಚರಮ್ಮನ ಪ್ರಕರಣದಿಂದ. ಟೀಚರಮ್ಮ, ಅವರ ಯಜಮಾನರು ಇಬ್ಬರೂ ಹಗಲು ಕೆಲಸಕ್ಕೆ ಹೋಗುವವರು, ಮೀಟರು ಗೇಟಿನ ಒಳಗೆ. ನವೆಂಬರಿನಲ್ಲಿ ಹುಡುಗ ಬಂದಾಗ ಗೇಟಿಗೆ ಬೀಗ. ಅವನು ‘ಡೋರ್ ಲಾಕ್’ ಎಂದು ನಮೂದಿಸಿ ಸರಾಸರಿ 100 ಯೂನಿಟ್ಟಿನ ಬಿಲ್ಲು ಸಿಕ್ಕಿಸಿ ಹೋದ. ಅವರು ಕಟ್ಟಿದರು. ಡಿಸೆಂಬರಿನಲ್ಲಿ ಮೀಟರು ಸಿಕ್ಕಿತು. ಅಕ್ಟೋಬರಿನಲ್ಲಿ 6412 ಇದ್ದದ್ದು ಈಗ 6652. ಎರಡು ತಿಂಗಳಿಗೆ 240 ಯೂನಿಟ್ಟು, ತಕರಾರಿಲ್ಲ. ಬಿಲ್ಲು ಮಾತ್ರ ಯಾಕೋ ಜಾಸ್ತಿ ಅನ್ನಿಸಿ ಟೀಚರಮ್ಮ ರಾಯರ ಜಗಲಿಗೆ ಬಂದರು.

ರಾಯರು ಮೊತ್ತ ನೋಡಲಿಲ್ಲ. ನಡುವಿನ ಸಾಲುಗಳಿಗೆ ಬೆರಳಿಟ್ಟು, “ಟೀಚರಮ್ಮ, ನಿಮ್ಮನೇಲಿ ಎಸಿ ಹಾಕಿಸಿದ್ದೀರಾ?” ಅಂದರು.

“ಇಲ್ಲಪ್ಪ. ಯಾಕೆ ರಾಯರೇ?”

“ಮತ್ತೆ ನಾಲ್ಕನೇ ಸ್ಲ್ಯಾಬಿಗೆ ಯಾಕೆ ಹೋದಿರಿ?”

ಆ ವರ್ಷ ನಗರದ ಮನೆಗಳಿಗೆ ದರ ನಾಲ್ಕು ಮೆಟ್ಟಿಲಿನದು. ತಿಂಗಳಿಗೆ ಮೊದಲ 50 ಯೂನಿಟ್ಟಿಗೆ 4.15 ರೂಪಾಯಿ, ನಂತರದ 50ಕ್ಕೆ 5.60, ಅದರ ಮೇಲಿನ 100ಕ್ಕೆ 7.15, 200 ದಾಟಿದ್ದಕ್ಕೆ 8.20. ಇದರಲ್ಲಿ ಜೀವ ಇರುವುದು ‘ತಿಂಗಳಿಗೆ’ ಅನ್ನುವಲ್ಲಿ. ಟೀಚರಮ್ಮನ ಮನೆ ತಿಂಗಳಿಗೆ ಉರಿಸಿದ್ದು 120 ಯೂನಿಟ್ಟು, ಅಂದರೆ 207.50, 280, 143 ಸೇರಿ 630.50 ರೂಪಾಯಿ. ಎರಡು ತಿಂಗಳಿಗೆ 1261. ಆದರೆ ಕಂಪ್ಯೂಟರು ನವೆಂಬರನ್ನೇ ಮರೆತು, 240 ಯೂನಿಟ್ಟನ್ನೂ ಒಂದೇ ತಿಂಗಳಲ್ಲಿ ಉರಿಸಿದರು ಎಂದುಕೊಂಡಿತ್ತು. ಅಗ್ಗದ ಮೆಟ್ಟಿಲು ಎರಡೆರಡು ಸಲ ಸಿಗಬೇಕಾದದ್ದು ಒಂದೇ ಸಲ ಸಿಕ್ಕಿ, ಕೊನೆಯ 40 ಯೂನಿಟ್ಟು 8.20ರ ಅಟ್ಟ ಹತ್ತಿ ಕೂತಿತ್ತು. ಮೊತ್ತ 1530.50. ನವೆಂಬರಿನಲ್ಲಿ ಕಟ್ಟಿದ್ದನ್ನು ಕಳೆದಿದ್ದರು ನಿಜ, ಆದರೆ ಕಳೆದದ್ದು ಉಬ್ಬಿದ ಮೊತ್ತದಿಂದ. ಹೆಚ್ಚಾದದ್ದು 269.50, ಅದರ ಮೇಲೆ ಶೇಕಡಾ 9ರ ವಿದ್ಯುತ್ ತೆರಿಗೆ ಸೇರಿ ಸುಮಾರು 294 ರೂಪಾಯಿ.

ಉಪವಿಭಾಗದ ಕಚೇರಿಗೆ ರಾಯರೇ ಹೋದರು. ಕೌಂಟರಿನ ಗುಮಾಸ್ತರು ಬಿಲ್ಲು ತಿರುಗಿಸಿ ನೋಡಿ, “ಸಾರ್, ಇದು ಸಿಸ್ಟಮ್ ಮಾಡಿರೋದು” ಅಂದರು.

“ಹಾಗಾದ್ರೆ ಸಿಸ್ಟಮ್ಮನ್ನೇ ಕರೀರಿ, ನಾನು ಕಾಯ್ತೀನಿ” ಎಂದು ರಾಯರು ಬೆಂಚಿನ ಮೇಲೆ ಕೂತರು. ಚೀಲದಿಂದ ಮೂರು ತಿಂಗಳ ಜೆರಾಕ್ಸು, ತಾವೇ ಗೆರೆ ಹೊಡೆದ ಎರಡು ಕಾಲಮ್ಮಿನ ಕೋಷ್ಟಕ, ಕೊನೆಗೆ ಮೊಸರನ್ನದ ಡಬ್ಬಿ ಹೊರಬಂತು. ಡಬ್ಬಿ ಕಂಡದ್ದೇ ಕಚೇರಿಗೆ ವಿಷಯದ ಗಾಂಭೀರ್ಯ ಅರ್ಥವಾಯಿತು. ಮುಂದಿನ ಬಿಲ್ಲಿನಲ್ಲಿ ಹಣ ಜಮೆ ಆಯಿತು.

ಗೆಲುವು ತಲೆಗೇರಿದ್ದರಿಂದ ಒಂದು ಅನಾಹುತವೂ ಆಯಿತು. ಮೂಲೆ ಅಂಗಡಿಯ ಶೆಟ್ಟರ ಬಿಲ್ಲನ್ನು ರಾಯರು ಕರೆಯದೇ ಹೋಗಿ ತಪಾಸಣೆ ಮಾಡಿ, “ಶೆಟ್ಟರೇ, ನೀವು ಮುಂದಿನ ರೂಮಲ್ಲಿ ಅಂಗಡಿ ಇಟ್ಟುಕೊಂಡು ಮನೆ ದರದಲ್ಲಿ ಕಟ್ತಿದ್ದೀರಿ! ಇದು ಎಲ್‌ಟಿ-2 ಅಲ್ಲ, ಎಲ್‌ಟಿ-3!” ಎಂದು ಗಿರಾಕಿಗಳ ಎದುರಿಗೇ ಕೂಗಿದರು. ಅಂದಿನಿಂದ ರಾಯರಿಗೆ ಅಲ್ಲಿ ಸಾಲ ಇಲ್ಲ, ಕೊತ್ತಂಬರಿ ಕೊಸರೂ ಇಲ್ಲ.

2023ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ನಾಲ್ಕು ಮೆಟ್ಟಿಲು ಕೆಡವಿ ಎರಡು ಮಾಡಿತು. 100ರವರೆಗೆ 4.75, ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. 100 ಯೂನಿಟ್ಟಿಗೆ 475, 101ಕ್ಕೆ 707. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ! ಮೇ ತಿಂಗಳಿನ ಆದೇಶ ಏಪ್ರಿಲ್‌ನಿಂದಲೇ ಜಾರಿ, ಬಾಕಿ ಸೇರಿ ಜೂನ್ ಬಿಲ್ಲು ಬಂದಾಗ ಊರೆಲ್ಲ ಕೂಗಾಡುತ್ತಿತ್ತು. ರಾಯರು ಮಾತ್ರ ಹಬ್ಬದ ಕಳೆಯಲ್ಲಿದ್ದರು. ರೀಡಿಂಗಿಗೆ ಮೂರು ದಿನ ಇರುವಾಗಲೇ ಅವರ ಮನೆಯ ಗೀಸರು ಬಂದ್, ಬಂದ ಅಳಿಯನಿಗೆ ತಣ್ಣೀರ ಸ್ನಾನ.

ಅಷ್ಟರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ಟಿನವರೆಗೆ ಉಚಿತ ಅಂದರೂ, ಆಗ ಪ್ರತಿ ಮನೆಗೆ ಗೊತ್ತುಮಾಡಿದ್ದು 2022-23ರ ಸರಾಸರಿ, ಜೊತೆಗೆ ಶೇಕಡಾ 10. ರಾಯರು ಆ ವರ್ಷವೆಲ್ಲ ಸ್ವಿಚ್ಚು ಆರಿಸುತ್ತ ತಿರುಗಿ ಸರಾಸರಿಯನ್ನು 80ಕ್ಕೆ ಇಳಿಸಿದ್ದರು. ಹಾಗಾಗಿ ಸಿಕ್ಕಿದ್ದು 88. ಹಗಲೂ ಲೈಟು ಉರಿಸಿಕೊಂಡಿದ್ದ ಪಕ್ಕದ ಮನೆಯ ಹುಡುಗರ ಸರಾಸರಿ 180, ಅವರಿಗೆ 198. ರಾಯರು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

2024ರ ಏಪ್ರಿಲ್‌ನಿಂದ ಇದ್ದ ಎರಡು ಮೆಟ್ಟಿಲೂ ಹೋಯಿತು. ಎಲ್ಲ ಯೂನಿಟ್ಟಿಗೂ ಒಂದೇ ದರ, ಆ ವರ್ಷ 5.90 ಇತ್ತು. ಈಗ ಎರಡು ತಿಂಗಳನ್ನು ಒಟ್ಟಿಗೆ ಸೇರಿಸಿದರೂ ದರದಲ್ಲಿ ಮೋಸವಾಗುವ ಹಾಗಿಲ್ಲ. ಇನ್ನು ರಾಯರು ತಣ್ಣಗಾಗುತ್ತಾರೆ ಅಂತ ಮನೆಯವರು ನಂಬಿದ್ದರು. ಮೊನ್ನೆ ನೋಡಿದರೆ, ಜಗಲಿಯ ಮೇಲೆ ತಮ್ಮದೇ ಬಿಲ್ಲು ಹರಡಿಕೊಂಡಿದ್ದರು. ಕಟ್ಟಬೇಕಾದ ಮೊತ್ತ ಸೊನ್ನೆ.

“ಸೊನ್ನೇಲಿ ಏನು ತಪ್ಪು ಹುಡುಕ್ತೀರಿ ರಾಯರೇ?” ಅಂದೆ.

“ಸೊನ್ನೆ ನನಗೆ. ನನ್ನ ಲೆಕ್ಕಕ್ಕೆ ಸರ್ಕಾರ ಎಷ್ಟು ಕಟ್ಟಿದೆ ಅಂತ ಮೇಲೆ ಹಾಕಿದ್ದಾರೆ ನೋಡಿ, ಅದರಲ್ಲಿ ಎರಡು ಯೂನಿಟ್ ಜಾಸ್ತಿ ಇದೆ” ಎಂದು ಮೊಸರನ್ನ ಕಟ್ಟಿಕೊಡಲು ಒಳಗೆ ಕೂಗಿ ಹೇಳಿದರು.