ಕೂಗುವ ಟಿಪ್ಪು, ಕೇಳದ ಕಿವಿ

ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯೊಂದರಲ್ಲಿ ಸಾಫ್ಟ್‌ವೇರ್ ಹುಡುಗನೊಬ್ಬನಿಗೆ ಮೊದಲ ಬೋನಸ್ ಬಂದಿದೆ ಎಂದಿಟ್ಟುಕೊಳ್ಳಿ. ತೆರಿಗೆ ಮುರಿದು ಕೈಗೆ ಸಿಕ್ಕಿದ್ದು 60,000 ರೂಪಾಯಿ. ಪಕ್ಕದ ಮಂಚದಿಂದ ರೂಮ್‌ಮೇಟ್, "ಮಗಾ, ಈ ಶೇರು ದಿನಾ ಅಪ್ಪರ್ ಸರ್ಕ್ಯೂಟ್! ಕಣ್ಮುಚ್ಚಿ ಹಾಕು!" ಎಂದು ಎದುರು ಮನೆಗೂ ಕೇಳುವಂತೆ ಕೂಗುತ್ತಾನೆ. ಹುಡುಗ ಹೆಡ್‌ಫೋನ್ ಏರಿಸುತ್ತಾನೆ. ಇದನ್ನು ಪುಕ್ಕಲುತನ ಎನ್ನುವವರಿದ್ದಾರೆ; ನನಗೆ ಇದು ಶುದ್ಧ ಗಣಿತವಾಗಿ ಕಾಣುತ್ತದೆ.

ಆ ಅಪ್ಪರ್ ಸರ್ಕ್ಯೂಟನ್ನೇ ಹತ್ತಿರದಿಂದ ನೋಡೋಣ, ಅದರ ಸೊಗಸೇ ಬೇರೆ. 100 ರೂಪಾಯಿಯ ಶೇರಿಗೆ ದಿನಕ್ಕೆ ಶೇ. 5ರ ಮಿತಿ ಇದ್ದರೆ, ಐದು ದಿನ ಸತತವಾಗಿ ಏರಿ ಸುಮಾರು 128 ಆಗುತ್ತದೆ. ಆ ಐದೂ ದಿನ ಕೊಳ್ಳುವವರ ಕ್ಯೂ ಉದ್ದುದ್ದ. ಮಾರುವವರ ಕಡೆ ಸೊನ್ನೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಆರ್ಡರ್ ಹಾಕಿದರೆ ಮೂರೂವರೆಗೆ ಅದು ಹಾಗೇ ಹಿಂತಿರುಗುತ್ತದೆ. ಏರುವಷ್ಟು ದಿನ ಆ ಶೇರು ನಮಗೆ ಸಿಗುವುದೇ ಕಷ್ಟ! ಹುಡುಗ ಆ ಕೂಗಿಗೆ ಓಗೊಟ್ಟನೆಂದೇ ಇಟ್ಟುಕೊಳ್ಳಿ, ಆರನೆಯ ದಿನ ಆರ್ಡರ್ ತಟಕ್ಕನೆ ಪಾಸಾಗುತ್ತದೆ, ರೂಮ್‌ಮೇಟ್ ಸಿಳ್ಳೆ ಹೊಡೆಯುತ್ತಾನೆ. ಇಷ್ಟು ದಿನ ಬಿಗಿ ಹಿಡಿದಿದ್ದವರು ಅಷ್ಟೊಂದು ಉದಾರವಾಗಿ ಈಗೇಕೆ ಬಿಟ್ಟುಕೊಟ್ಟರು ಎಂದು ಕೇಳುವ ವ್ಯವಧಾನ ಯಾರಿಗಿದೆ? ಮರುದಿನದಿಂದ ಲೋವರ್ ಸರ್ಕ್ಯೂಟ್. ಈಗ ಕ್ಯೂ ಮಾರುವವರದು, ನಮ್ಮ ಹುಡುಗ ಅದರ ಬಾಲದಲ್ಲಿ. ಐದು ದಿನ ಶೇ. 5ರಂತೆ ಇಳಿದರೆ 60,000 ಕರಗಿ ಸುಮಾರು 46,400. ನಷ್ಟಕ್ಕಿಂತ ಹೆಚ್ಚು ಉರಿಸುವುದು, ಅಷ್ಟಕ್ಕಾದರೂ ಮಾರೋಣವೆಂದರೆ ಕೊಳ್ಳುವವನಿಲ್ಲ ಎಂಬುದು. 2023ರ ಮಾರ್ಚ್‌ನಲ್ಲಿ ಸೆಬಿ ಹಿಡಿದ ಒಂದು ಪ್ರಕರಣದಲ್ಲಿ ಇದೇ ಆರೋಪವಿತ್ತು: ಯೂಟ್ಯೂಬ್ ವಿಡಿಯೋಗಳಲ್ಲಿ ಶೇರನ್ನು ಹೊಗಳಿ, ಜನ ಮುಗಿಬಿದ್ದಾಗ ತಮ್ಮ ಪಾಲನ್ನು ಅವರಿಗೇ ಮಾರುವುದು. ರೂಮ್‌ಮೇಟ್ ಅಂಥ ವಂಚಕನಲ್ಲ, ಪಾಪ. ಆ ಕೂಗನ್ನು ಪುಕ್ಕಟೆ ಸಾಗಿಸುವ ಕೊನೆಯ ಕೊರಿಯರ್ ಅಷ್ಟೆ.

"ಅವನು ಹೋದ ವರ್ಷ ದುಡ್ಡು ಮಾಡಿದ್ದು ಸುಳ್ಳೇ?" ಎಂದು ನೀವು ಕೇಳಬಹುದು. ನಿಜವೇ ಇರಬಹುದು. ಆದರೆ ಗೆದ್ದ ಶೇರಿನ ಹೆಸರನ್ನು ಹಾಲ್‌ನಲ್ಲಿ ಜೋರಾಗಿ ಕೂಗುವವರು, ಮುಳುಗಿದ್ದನ್ನು ಬಾತ್‌ರೂಮಿನಲ್ಲೂ ಪಿಸುಗುಡುವುದಿಲ್ಲ. ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಶೇ. 93 ಮಂದಿ ಕಳೆದುಕೊಂಡರೆಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಅಷ್ಟು ಜನರೂ ಯಾರದೋ ರೂಮ್‌ಮೇಟ್‌ಗಳೇ ತಾನೆ? ಇನ್ನು ಟಿಪ್ಪಿನಲ್ಲಿ ಯಾವಾಗ ಕೊಳ್ಳಬೇಕೆಂದು ಇರುತ್ತದೆ, ಯಾವಾಗ ಮಾರಬೇಕೆಂದು ಇರುವುದೇ ಇಲ್ಲ. ಆ ಹೊತ್ತಿಗೆ ಕೂಗಿದವನು ಊರಿಗೆ ಹೋಗಿರುತ್ತಾನೆ.

ಹೆಡ್‌ಫೋನ್ ಏರಿಸಿದ ಹುಡುಗ ನಿಜಕ್ಕೂ ಮಾಡಿದ್ದು ಇಷ್ಟೇ. ಕೆಲಸ ಹೋದರೆ ಬಾಡಿಗೆಗೆಂದು 35,000 ಬ್ಯಾಂಕ್ ಎಫ್‌ಡಿಗೆ, ಉಳಿದದ್ದು ನಿಫ್ಟಿ 50 ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿಗೆ. ಏಜೆಂಟನ ಕಮಿಷನ್ ಇಲ್ಲ, ಕೂಗಾಟವೂ ಇಲ್ಲ. ಅದೂ ಬೀಳುವುದಿಲ್ಲವೇ? ಖಂಡಿತ ಬೀಳುತ್ತದೆ, 2020ರ ಜನವರಿಯಿಂದ ಮಾರ್ಚ್‌ಗೆ ನಿಫ್ಟಿ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದಿತ್ತು. ಎರಡು ವರ್ಷದಲ್ಲಿ ಮದುವೆ ಖರ್ಚಿಗೆ ಬೇಕಾದ ದುಡ್ಡನ್ನು ಅಲ್ಲಿಡುವುದೂ ದಡ್ಡತನವೇ. ಆದರೆ ಬಿದ್ದ ದಿನವೂ ಮಾರಲು ಅಲ್ಲಿ ಕ್ಯೂ ನಿಲ್ಲಬೇಕಿಲ್ಲ, ಕೆಲವೇ ದಿನಗಳಲ್ಲಿ ದುಡ್ಡು ಬ್ಯಾಂಕಿಗೆ ಬರುತ್ತದೆ. ರೂಮ್‌ಮೇಟ್ ಇದನ್ನು "ಅಂಕಲ್ ಇನ್ವೆಸ್ಟ್‌ಮೆಂಟ್" ಎಂದು ಹಂಗಿಸಿದ. ತಿಂಗಳ ಕೊನೆಗೆ ಅದೇ ಅಂಕಲ್ ಹತ್ತಿರ ಕರೆಂಟ್ ಬಿಲ್ಲಿಗೆ ಸಾಲ ಕೇಳಿದ.