ಅಜ್ಜಿಗೊಂದು ಚೀಟಿ

ಪಟ್ಟಣ ಸೇರಿದ ಮೊಮ್ಮಕ್ಕಳಿಗೆಲ್ಲ ಒಂದು ಚಾಳಿ. "ಅಜ್ಜೀ, ಸೆಟ್ಟಿಂಗ್ಸ್‌ಗೆ ಹೋಗು, ಆ್ಯಪ್ಸ್ ಒತ್ತು, ಪರ್ಮಿಷನ್ಸ್‌ನಲ್ಲಿ ಕ್ಯಾಮೆರಾ ಅಲೋ ಮಾಡು" ಅಂತ ದೂರದಿಂದಲೇ ವಿಡಿಯೊ ಕರೆಯ ಪಾಠ. ಅಜ್ಜಿ "ಹೂಂ" ಅನ್ನುತ್ತಾಳೆ. ಒಲೆ ಮೇಲೆ ಸಾರಿದೆ, ಬೇಗ ಮುಗಿಸಪ್ಪಾ ಅಂತ ಆ ಹೂಂಗೆ ಅರ್ಥ. ಇನ್ನೂ ಜಾಣ ಮೊಮ್ಮಗ ಫೋನನ್ನೇ ಕನ್ನಡಕ್ಕೆ ತಿರುಗಿಸಿ "ಅನುಮತಿಗಳು ಒತ್ತು" ಅಂದರೆ, "ಯಾರ ಅನುಮತಿಯೋ, ನಿಮ್ಮ ತಾತಂದಾ?" ಅಂತಾಳೆ.

ಸ್ವಾಮಿ, ಆ ಕೆಲಸ ಅಜ್ಜಿಯದಲ್ಲ, ನಿಮ್ಮದು. ಹಬ್ಬಕ್ಕೆ ಹೋದಾಗ ಒಬ್ಬಟ್ಟು ತಿಂದು ಕೈ ತೊಳೆದು, ವಾಟ್ಸ್ಆ್ಯಪ್‌ಗೆ ಕ್ಯಾಮೆರಾ, ಮೈಕ್ ಎರಡಕ್ಕೂ ಅನುಮತಿ ಕೊಟ್ಟುಬಿಡಿ. ಕ್ಯಾಮೆರಾ ಬಿಟ್ಟರೆ ಅಜ್ಜಿ ಕಾಣಿಸಳು, ಮೈಕ್ ಬಿಟ್ಟರೆ ಮೂಕಿ ಸಿನಿಮಾ. ಆಮೇಲೆ ನಿಮ್ಮ ಚಾಟ್ ತೆರೆದು, ಮೂರು ಚುಕ್ಕಿಯ ಮೆನುವಿನಿಂದ ಶಾರ್ಟ್‌ಕಟ್ ಹಾಕಿದರೆ ನಿಮ್ಮ ಮುಖವೇ ಫೋನಿನ ಮುಂಬಾಗಿಲಲ್ಲಿ ಕೂರುತ್ತದೆ. ಉಳಿದದ್ದಕ್ಕೆ ದಪ್ಪಕ್ಷರದ ಚೀಟಿಯೊಂದು ಸಾಕು:

1. ನನಗೆ ಕರೆ ಮಾಡಬೇಕಾದರೆ ನನ್ನ ಮುಖ ಮುಟ್ಟು. ಆಮೇಲೆ ಮೇಲುಗಡೆಯ ಕ್ಯಾಮೆರಾ ಚಿತ್ರ ಮುಟ್ಟು.
2. ಫೋನು ಸುಮ್ಮನೆ ಬಿದ್ದಿದ್ದಾಗ ನನ್ನ ಕರೆ ಬಂದರೆ, ಹಸಿರು ಗುಂಡಿ ಮೇಲೆ ಬೆರಳಿಟ್ಟು, ಎತ್ತದೆ ಮೇಲಕ್ಕೆ ಎಳೆ.
3. ನೀನು ಫೋನು ನೋಡುತ್ತಿದ್ದಾಗಲೇ ಬಂದರೆ ಎಳೆಯಬೇಡ. ಮೇಲೆ ಕಾಣುವ ಹಸಿರನ್ನು ಒಂದು ಸಲ ಮುಟ್ಟು.
4. ಕಿವಿಗೆ ಇಡಬೇಡ. ಡಬ್ಬಕ್ಕೆ ಒರಗಿಸಿ ಎದುರಿಗೆ ಕೂತುಕೋ.
5. "ಕೇಳ್ತಿಲ್ಲ ಅಜ್ಜೀ" ಅಂತ ನಾನು ಅಂದರೆ ಮೈಕಿನ ಚಿತ್ರ ಮುಟ್ಟು. ಚಿತ್ರವೇ ಕಾಣದಿದ್ದರೆ ಪರದೆಯ ಮಧ್ಯೆ ಒಂದು ಸಲ ಮುಟ್ಟು, ಬರುತ್ತೆ.
6. ಗುರುತಿಲ್ಲದವರ ವಿಡಿಯೊ ಕರೆ ಎತ್ತಬೇಡ. ಪೊಲೀಸ್ ಅಂದರೂ ಅಷ್ಟೆ. ವಿಡಿಯೊದಲ್ಲಿ ಯಾರೂ ಯಾರನ್ನೂ ಅರೆಸ್ಟ್ ಮಾಡೋದಿಲ್ಲ.

ಎರಡು, ಮೂರನೆಯ ಸಾಲಿನಲ್ಲೇ ಇರುವುದು ಅಸಲಿ ಮಜಾ. ಲಾಕ್ ಆದ ಪರದೆಯಲ್ಲಿ ಸಾಮಾನ್ಯವಾಗಿ ಎಳೆಯಬೇಕು, ತೆರೆದ ಪರದೆಯಲ್ಲಿ ಮುಟ್ಟಬೇಕು. ನಿಮಗಿದು ಅಭ್ಯಾಸ, ಗಮನಕ್ಕೇ ಬಂದಿರುವುದಿಲ್ಲ. ಅಜ್ಜಿ ಮಾತ್ರ ಹಸಿರನ್ನು ಕುಟ್ಟಿ ಕುಟ್ಟಿ, "ನಿನ್ನ ಫೋನೇ ಸರಿಯಿಲ್ಲ" ಅಂತ ತೀರ್ಪು ಕೊಡುತ್ತಾಳೆ. ನಿಮ್ಮ ಅಜ್ಜಿಯ ಫೋನಿನಲ್ಲಿ ಹೇಗಿದೆಯೋ ನೋಡಿಯೇ ಬರೆಯಿರಿ. ಅಪ್‌ಡೇಟ್ ಬಂದು ಗುಂಡಿಗಳು ಜಾಗ ಬದಲಿಸಿದರೆ ಚೀಟಿಯೂ ಬದಲಾಗಬೇಕು. ನಾಲ್ಕನೆಯದಕ್ಕೂ ಕಾರಣವಿದೆ. ಹಳೆಯ ರೂಢಿಯಂತೆ ಕಿವಿಗಿಟ್ಟರೆ ನಿಮಗೆ ಕಾಣುವುದು ಓಲೆ ಮಾತ್ರ. ಮೇಲಾಗಿ ಕೆನ್ನೆ ತಾಗಿ ಮೈಕ್ ಬಂದ್ ಆಗುತ್ತದೆ, ಇಲ್ಲವೇ ಕರೆಯೇ ಕಟ್.

ಚೀಟಿಯನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿದ ಕೂಡಲೇ ಬೀಗಬೇಡಿ. ಪಕ್ಕದ ಕೋಣೆಗೆ ಹೋಗಿ ಕರೆ ಮಾಡಿ. ಅಜ್ಜಿ ಪಕ್ಕ ತಂಗಿಯನ್ನು ಕೂರಿಸಿ, ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿ. ಅಜ್ಜಿಯ ಬೆರಳು ಯಾವ ಸಾಲಿನಲ್ಲಿ ತಡವರಿಸಿತೋ ಆ ಸಾಲನ್ನು ಮತ್ತೆ ಬರೆಯಿರಿ. ಅಜ್ಜಿಯನ್ನು ತಿದ್ದಲು ಹೋಗಬೇಡಿ.